ಬಹುದೋ, ಬಾರದೋ? ಮಸುಕಾದ ಬೋರ್ಡನ್ನು ಓದುವ ಬಗೆ

ಕಳೆದ ತಿಂಗಳು ಒಂದು ಸಂಜೆ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಒಡಿಶಾದವನು. ಕನ್ನಡ ಅಲ್ಪಸ್ವಲ್ಪ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಮರುದಿನ ಬೆಳಿಗ್ಗೆ 9 ಗಂಟೆಗೆ ಅವನ ತಾಯಿಯನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆ ರಸ್ತೆಯಲ್ಲಿ ಆಟೋದಲ್ಲಿ ಬರುವಾಗ ಕಂಡ ಬೋರ್ಡಿನ ಫೋಟೊ ಅದು. "ಅಂಕಲ್, ಇಲ್ಲಿ ಕಾರು ನಿಲ್ಲಿಸಬಹುದಾ? ಏನು ಬರೆದಿದೆ ಹಿಂದಿಯಲ್ಲಿ ಹೇಳಿ" ಎಂದು ಕೇಳಿದ್ದ.

ಬಿಳಿ ಬೋರ್ಡು, ಕಪ್ಪು ಅಕ್ಷರ, ನಾಲ್ಕು ಸಾಲು. ಆಟೋ ಓಡುತ್ತಿದ್ದುದರಿಂದ ಎಲ್ಲ ಅಕ್ಷರವೂ ಅಡ್ಡಕ್ಕೆ ಒರೆಸಿದ ಹಾಗಿತ್ತು. ಬೋರ್ಡಿನ ಮೇಲ್ಭಾಗ ಮರದ ಕೊಂಬೆಯ ಹಿಂದೆ ಹೋಗಿತ್ತು. ಅಲ್ಲಿ ಕೆಂಪು ಅಂಚಿನ ದುಂಡನೆಯ ಫಲಕವೇನಾದರೂ ಕಂಡಿದ್ದರೆ ಅಕ್ಷರದ ಗೊಡವೆಯೇ ಬೇಕಿರಲಿಲ್ಲ. ಬಣ್ಣ ಮತ್ತು ಆಕಾರ ಮಸುಕಿನಲ್ಲೂ ಉಳಿಯುತ್ತವೆ.

ಮೊದಲ ಸಾಲು "ಇಲ್ಲಿ ವಾಹನ" ಎಂದು ಕಷ್ಟಪಟ್ಟು ಓದಬಹುದಿತ್ತು. ಎರಡನೆಯದು "ನಿಲ್ಲಿಸಬ" ಎಂದು ಶುರುವಾಗಿ "ದು" ಎಂದು ಮುಗಿಯುತ್ತಿತ್ತು. ನಡುವೆ ಬೂದುಬಣ್ಣದ ಮೋಡ. ಬಹುದೋ, ಬಾರದೋ? ಕನ್ನಡದಲ್ಲಿ ಇದು ನಿಜಕ್ಕೂ ಕಷ್ಟದ ಜಾಗ. ಬೇಕು, ಬೇಡ, ಇದೆ, ಇಲ್ಲ, ಎಲ್ಲವನ್ನೂ ನಾವು ವಾಕ್ಯದ ಕೊನೆಯಲ್ಲಿ ಹೇಳುತ್ತೇವೆ. ಕೊನೆ ಅಳಿಸಿದರೆ ಮಾತಿನ ವಿಷಯ ಉಳಿಯುತ್ತದೆ, ತೀರ್ಪು ಹೋಗಿಬಿಡುತ್ತದೆ.

ಅಕ್ಷರ ಎಣಿಸಿದರೆ ಗೊತ್ತಾಗುವುದಿಲ್ಲವೇ ಎಂದು ಅನ್ನಿಸಬಹುದು. ಎಣಿಸಿ ನೋಡಿ. ನಿ-ಲ್ಲಿ-ಸ-ಬ-ಹು-ದು, ಆರು. ನಿ-ಲ್ಲಿ-ಸ-ಬಾ-ರ-ದು, ಅದೂ ಆರು. ಒಟ್ಟು ಅಗಲವೂ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಹ ಅಕ್ಷರದ ಬಲಕ್ಕೆ ಕೊಂಬು ಸೇರಿ ಅದು ಅಗಲವಾಗುತ್ತದೆ. ಇನ್ನೊಂದರಲ್ಲಿ ಬ ಅಕ್ಷರದ ಬಲಕ್ಕೆ ಇಳಿ ಬಂದು ಅದು ಅಗಲವಾಗುತ್ತದೆ, ಪಕ್ಕದ ರ ಪುಟ್ಟದಾಗಿ ಉಳಿಯುತ್ತದೆ. ವ್ಯತ್ಯಾಸವೆಲ್ಲ ಎಡ-ಬಲದಲ್ಲೇ ಇದೆ.

ಹಾಗಾಗಿ ಓದುವ ಮೊದಲು ನಾನು ತಿಳಿಯಬೇಕಿದ್ದುದು ಮಸುಕು ಯಾವ ದಿಕ್ಕಿಗೆ, ಎಷ್ಟು ಉದ್ದ ಎಂಬುದನ್ನು.

ಇದಕ್ಕೆ ಒಳ್ಳೆಯ ದಾರಿ ಫೋಟೊದಲ್ಲೇ ಒಂದು ಚುಕ್ಕಿಯನ್ನು ಹುಡುಕುವುದು. ಬೋರ್ಡಿನ ಮೂಲೆಯ ಬೋಲ್ಟು ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಆ ಹೊಳಪು ಚುಕ್ಕಿಯಾಗಿ ಕಾಣಬೇಕಿತ್ತು. ಫೋಟೊದಲ್ಲಿ ಅದು ಅಡ್ಡಕ್ಕೆ ಎಳೆದ ಸಣ್ಣ ಗೆರೆಯಾಗಿತ್ತು, ಉದ್ದ ದೊಡ್ಡ ಅಕ್ಷರದ ಎತ್ತರದ ಅರ್ಧದಷ್ಟು. ಆ ಒಂದು ಚುಕ್ಕಿಗೆ ಆದದ್ದೇ ಬೋರ್ಡಿನ ಮೇಲಿನ ಪ್ರತಿ ಚುಕ್ಕಿಗೂ ಆಗಿದೆ. ಅಂದರೆ ಅಕ್ಷರಗಳ ಮಸಿಯೆಲ್ಲ ಅಷ್ಟೇ ಉದ್ದಕ್ಕೆ, ಅದೇ ದಿಕ್ಕಿಗೆ ಹರಡಿದೆ.

ಲೆಕ್ಕವೂ ಇದಕ್ಕೆ ಹೊಂದುತ್ತಿತ್ತು. ವಾಟ್ಸಾಪಿನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಚಿಕ್ಕದಾಗುತ್ತದೆ, ಅದರ ಜೊತೆಗಿರುವ ಕ್ಯಾಮೆರಾ ವಿವರಗಳೂ ಹೋಗುತ್ತವೆ. ಅದಕ್ಕೇ ಮೂಲ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ವಿವರದಲ್ಲಿ ಶಟರ್ ಸಮಯ ಸೆಕೆಂಡಿನ ನೂರನೇ ಒಂದು ಭಾಗ ಎಂದಿತ್ತು. ಗಲ್ಲಿಯಲ್ಲಿ ಆಟೋ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುತ್ತಿತ್ತು ಅಂದುಕೊಳ್ಳೋಣ. ಅದು ಸೆಕೆಂಡಿಗೆ 5 ಮೀಟರ್. ನೂರನೇ ಒಂದು ಸೆಕೆಂಡಿನಲ್ಲಿ 5 ಸೆಂ.ಮೀ. ಪಕ್ಕಕ್ಕೆ ಸರಿದ ಹಾಗಾಯಿತು. ಅಕ್ಷರದ ಎತ್ತರ 10 ಸೆಂ.ಮೀ. ಇದ್ದರೆ ಅರ್ಧ ಅಕ್ಷರದಷ್ಟು ಒರೆಸಿದೆ. ಕೊಂಬು, ಇಳಿಗಳ ಅಗಲ ಅದಕ್ಕಿಂತ ಕಡಿಮೆ. ಅಂದಮೇಲೆ ಬಹುದು-ಬಾರದುಗಳ ನಡುವಿನ ವ್ಯತ್ಯಾಸವನ್ನು ಆ ಜಾಗದಲ್ಲಿ ಎಷ್ಟು ಹೊತ್ತು ದಿಟ್ಟಿಸಿದರೂ ಪ್ರಯೋಜನವಿಲ್ಲ.

ಎಡಿಟಿಂಗ್ ಆ್ಯಪಿನಲ್ಲಿ ಚೂಪು ಮಾಡಿದರೆ? ಚಲನೆಯ ದಿಕ್ಕು, ಉದ್ದ ಗೊತ್ತಿದ್ದರೆ ಗಣಿತದಿಂದ ಮಸುಕನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು, ನಿಜ. ಆದರೆ ಕೆಲವು ಸಣ್ಣ ವಿವರಗಳು ಪೂರ್ತಿ ಸೊನ್ನೆಯಾಗಿರುತ್ತವೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ? ಅಲ್ಲಿ ಮೂಡುವ ಗೆರೆಗಳು ಹೆಚ್ಚಾಗಿ ಫೋಟೊದ ಕಾಳುಕಾಳು ಗದ್ದಲದಿಂದ ಹುಟ್ಟಿದವು. ಸ್ಪಷ್ಟವಾಗಿ ಕಂಡದ್ದೆಲ್ಲ ಸರಿಯಾಗಿರಬೇಕಿಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಕೆಲವು ಜೆರಾಕ್ಸ್ ಸ್ಕ್ಯಾನರ್‌ಗಳು ಕಾಗದದ ಮೇಲಿನ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು ತೋರಿಸಿದರು. ಫೈಲನ್ನು ಚಿಕ್ಕದು ಮಾಡಲು ಆ ಯಂತ್ರ ಒಂದೇ ಥರ ಕಾಣುವ ಚೂರುಗಳ ಬದಲು ಒಂದೇ ಚೂರನ್ನು ಬಳಸುತ್ತಿತ್ತು. 6 ಇದ್ದ ಕಡೆ ಅಚ್ಚುಕಟ್ಟಾದ 8 ಬಂದು ಕೂತಿತ್ತು. ಮಸುಕು ಇದ್ದಿದ್ದರೆ ಓದುವವರಿಗೆ ಅನುಮಾನವಾದರೂ ಬರುತ್ತಿತ್ತು.

ಅದಕ್ಕೇ ನಾನು ಚೂಪು ಮಾಡುವ ಬದಲು ಏನು ಉಳಿದಿದೆ ಎಂದು ಹುಡುಕಿದೆ. ಅಡ್ಡಕ್ಕೆ ಒರೆಸಿದರೆ ನಿಂತ ಗೆರೆಗಳು ತೆಳುವಾಗಿ ಹರಡಿ ಹೋಗುತ್ತವೆ. ಮಲಗಿದ ಗೆರೆಗಳು ತಮ್ಮ ಮೇಲೆಯೇ ಹರಡಿಕೊಂಡು ಕಪ್ಪಾಗಿ ಉಳಿಯುತ್ತವೆ. ಮುಖ್ಯವಾಗಿ, ಮೇಲಿನದು ಮೇಲೆಯೇ, ಕೆಳಗಿನದು ಕೆಳಗೆಯೇ ಇರುತ್ತದೆ. ಕನ್ನಡ ಬರಹಕ್ಕೆ ಇದು ದೊಡ್ಡ ಅನುಕೂಲ. ಗುಡಿಸು ಸಾಲಿನ ಮೇಲ್ಗಡೆ ಇರುತ್ತದೆ, ಒತ್ತಕ್ಷರ ಸಾಲಿನ ಕೆಳಗೆ ನೇತಾಡುತ್ತದೆ. ಅಡ್ಡ ಮಸುಕಿನಲ್ಲಿ ಒತ್ತಿನ ಆಕಾರ ಹಾಳಾದರೂ ಅದು ಇದೆ ಎಂಬುದು ತಿಳಿಯುತ್ತದೆ, ಯಾಕೆಂದರೆ ಅದರ ಅಕ್ಕಪಕ್ಕ ಖಾಲಿ ಜಾಗ. ಬೋರ್ಡಿನಲ್ಲಿ "ಇದೆ" ಮತ್ತು "ಇಲ್ಲ" ಇದ್ದಿದ್ದರೆ ಒತ್ತು ನೋಡಿ ಒಂದೇ ಕ್ಷಣದಲ್ಲಿ ಹೇಳಿಬಿಡುತ್ತಿದ್ದೆ. ಬಹುದು, ಬಾರದು ಎರಡರಲ್ಲೂ ಒತ್ತೇ ಇಲ್ಲ.

ಹಾಗಾದರೆ ಸುಳಿವು ಬೇರೆ ಸಾಲಿನಲ್ಲಿ ಸಿಗಬೇಕು.

ಮೂರನೇ ಸಾಲನ್ನು ಮೊದಲ ನೋಟಕ್ಕೇ ನಾನು "ದಂತ ಚಿಕಿತ್ಸಾಲಯ" ಎಂದು ಓದಿಬಿಟ್ಟಿದ್ದೆ. ಹಲ್ಲಿನ ಆಸ್ಪತ್ರೆಗೆ ಬಂದವರು ಇಲ್ಲಿ ವಾಹನ ನಿಲ್ಲಿಸಬಹುದು, ಎಷ್ಟು ಚೆನ್ನಾಗಿ ಹೊಂದುತ್ತದೆ! ಆ ಹೊಂದಾಣಿಕೆಯೇ ನನಗೆ ಅನುಮಾನ ತಂದದ್ದು. ಹುಡುಗ ಹಲ್ಲಿನ ಆಸ್ಪತ್ರೆಯ ಮಾತು ಆಡಿರದಿದ್ದರೆ ನನಗೆ ಅಲ್ಲಿ ದಂತ ಕಾಣುತ್ತಿತ್ತೇ? ಗೆರಾಲ್ಡ್ ರೈಷರ್ ಎಂಬ ಮನಃಶಾಸ್ತ್ರಜ್ಞ 1969ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಕ್ಷರವೊಂದನ್ನು ಕ್ಷಣಮಾತ್ರ ತೋರಿಸಿದಾಗ, ಅದು ಒಂಟಿಯಾಗಿ ಇದ್ದದ್ದಕ್ಕಿಂತ ಪದದ ಒಳಗೆ ಇದ್ದಾಗ ಜನ ಹೆಚ್ಚು ಸರಿಯಾಗಿ ಗುರುತಿಸಿದರು. ಪದ ಅಕ್ಷರಕ್ಕೆ ಸಹಾಯ ಮಾಡುತ್ತದೆ. ಆದರೆ ತಪ್ಪು ಪದ ತಲೆಯಲ್ಲಿ ಕೂತಿದ್ದರೆ ಅದೇ ಸಹಾಯ ತಪ್ಪು ಅಕ್ಷರವನ್ನೂ ಕಾಣಿಸಬಲ್ಲದು.

ಆದ್ದರಿಂದ ಎದುರಾಳಿ ಪದವನ್ನು ಬೇಕೆಂದೇ ಹುಡುಕಿದೆ. "ದಂ" ಆದಮೇಲೆ ಒಂದು ಅಕ್ಷರ, ಆಮೇಲೆ ಒಂದು ಉದ್ದ ಪದ. "ದಂಡ ವಿಧಿಸಲಾಗುವುದು" ಕೂಡ ಆಗಬಹುದು. ತ ಮತ್ತು ಡ ಆ ಮಸುಕಿನಲ್ಲಿ ಬೇರೆಯಾಗುವುದಿಲ್ಲ. ಆದರೆ ಮುಂದಿನ ಪದದಲ್ಲಿ ಆಗುತ್ತದೆ. "ಚಿಕಿತ್ಸಾಲಯ"ದಲ್ಲಿ ತ ಕೆಳಗೆ ಸ ಒತ್ತು ನೇತಾಡಬೇಕು. "ವಿಧಿಸಲಾಗುವುದು" ಪದದಲ್ಲಿ ಒಂದೂ ಒತ್ತಿಲ್ಲ. ಫೋಟೊವನ್ನು ದೊಡ್ಡದು ಮಾಡಿ ಮೂರನೇ ಸಾಲಿನ ಅಡಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಸ್ವಚ್ಛ ಬಿಳಿ.

ಒತ್ತು ಕಾಣಲಿಲ್ಲ ಎಂದರೆ ಒತ್ತು ಇಲ್ಲ ಎಂದೇ ಅರ್ಥವೇ? ಇಷ್ಟು ಕೆಟ್ಟ ಫೋಟೊದಲ್ಲಿ ಒತ್ತುಗಳು ಮೂಡದೇ ಇರಲೂಬಹುದಲ್ವಾ? ಇದನ್ನು ಪರೀಕ್ಷಿಸಲು ಅದೇ ಬೋರ್ಡಿನಲ್ಲಿ ದಾರಿಯಿತ್ತು. ಮೊದಲ ಸಾಲಿನ "ಇಲ್ಲಿ", ಎರಡನೇ ಸಾಲಿನ "ನಿಲ್ಲಿಸ", ಎರಡರಲ್ಲೂ ಲ ಒತ್ತು ಇರಲೇಬೇಕು. ನೋಡಿದರೆ ಎರಡೂ ಕಡೆ ಸಾಲಿನ ಕೆಳಗೆ ಬೂದು ಕಲೆ ಸ್ಪಷ್ಟವಾಗಿ ಇತ್ತು. ಅಂದರೆ ಈ ಫೋಟೊ ಒತ್ತುಗಳನ್ನು ಉಳಿಸಿಕೊಂಡಿದೆ. ಮೂರನೇ ಸಾಲಿನಲ್ಲಿ ಕಾಣದಿದ್ದರೆ ಅಲ್ಲಿ ಇಲ್ಲ ಎಂದೇ ಲೆಕ್ಕ. ದಂತ ಹೋಯಿತು, ದಂಡ ಉಳಿಯಿತು. ದಂಡ ಹಾಕುತ್ತೇವೆ ಎನ್ನುವ ಬೋರ್ಡು ಅದರ ಮೇಲಿನ ಸಾಲಿನಲ್ಲಿ "ನಿಲ್ಲಿಸಬಹುದು" ಎಂದು ಬರೆಯುವುದಿಲ್ಲ.

ತಪ್ಪಿದರೆ ಆಗುವ ನಷ್ಟವನ್ನೂ ತೂಗಿ ನೋಡಿದೆ. ನಿಜದಲ್ಲಿ "ಬಹುದು" ಇದ್ದು ನಾನು "ಬಾರದು" ಎಂದರೆ ತಾಯಿ-ಮಗ ಸ್ವಲ್ಪ ಜಾಸ್ತಿ ನಡೆಯಬೇಕಾಗುತ್ತದೆ. "ಬಾರದು" ಇದ್ದು ನಾನು "ಬಹುದು" ಎಂದರೆ ದಂಡ, ಕಾರು ಎತ್ತಿಕೊಂಡು ಹೋದರೆ ಆ ಓಡಾಟ, ಹಲ್ಲು ನೋವಿನ ತಾಯಿ ಬೀದಿಯಲ್ಲಿ. ಎರಡೂ ಸಮಸಮ ಎನ್ನಿಸಿದ್ದರೂ ನಾನು "ಬಾರದು" ಎಂದೇ ಹೇಳುತ್ತಿದ್ದೆ.

ನಾಲ್ಕನೇ ಸಾಲು ಉಳಿಯಿತು. ಅಕ್ಷರ ಮೇಲಿನವುಗಳ ಅರ್ಧದಷ್ಟೂ ಇರಲಿಲ್ಲ. ಒಂದು ಅಂಕಿ, ಆಮೇಲೆ "ರಿಂದ" ಇರಬಹುದಾದ ಪದ, ಮತ್ತೆ ಅಂಕಿ. ಮೊದಲ ಅಂಕಿ 3 ಎಂದು ಓದಲು ಮನಸ್ಸು ಎಳೆಯುತ್ತಿತ್ತು. ಆದರೆ 3, 5, 6, 8, 9 ಈ ಐದಕ್ಕೂ ಮೇಲೆ, ನಡುವೆ, ಕೆಳಗೆ ಮೂರು ಅಡ್ಡ ಭಾಗಗಳಿವೆ. ಅವುಗಳ ವ್ಯತ್ಯಾಸ ಎಡಬಲದ ಕಮಾನುಗಳಲ್ಲಿದೆ, ಅಡ್ಡ ಮಸುಕು ಅಳಿಸುವುದು ಅದನ್ನೇ. ಪದವಾದರೆ ಅಕ್ಕಪಕ್ಕದ ಅಕ್ಷರ ಕೈ ಹಿಡಿಯುತ್ತದೆ. ಅಂಕಿಗೆ ಆ ಆಸರೆ ಇಲ್ಲ. ಊರಿನ ಹೆಸರು, ಜನರ ಹೆಸರಿಗೂ ಹೀಗೆಯೇ. ಅಂಥದ್ದನ್ನು ಖಾಲಿ ಬಿಡುವುದೇ ಸರಿ.

ಹಳೆಯ ಶಾಸನಗಳನ್ನು ಓದುವವರಲ್ಲಿ ಇದಕ್ಕೊಂದು ಒಳ್ಳೆಯ ರೂಢಿಯಿದೆ. 1931ರಲ್ಲಿ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಸೇರಿದ್ದ ವಿದ್ವಾಂಸರು ಗ್ರೀಕ್, ಲ್ಯಾಟಿನ್ ಬರಹಗಳಿಗೆ ಒಂದು ಪದ್ಧತಿಯನ್ನು ಒಪ್ಪಿಕೊಂಡರು. ಅನುಮಾನದ ಅಕ್ಷರದ ಕೆಳಗೆ ಚುಕ್ಕಿ, ತಾವೇ ತುಂಬಿದ್ದಕ್ಕೆ ಚೌಕ ಕಂಸ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಓದುಗರಿಗೆ ತಿಳಿಯಬೇಕು ಎಂಬುದು ಉದ್ದೇಶ. ನಾನೂ ಒಂದು ಚೀಟಿಯಲ್ಲಿ ಮೊದಲು ಕನ್ನಡದಲ್ಲೇ ಬರೆದುಕೊಂಡೆ:

ಇಲ್ಲಿ ವಾಹನ
ನಿಲ್ಲಿಸ[ಬಾರ]ದು
ದಂ[ಡ ವಿಧಿಸಲಾಗುವುದು]
[?] ರಿಂದ [?]

ಹಿಂದಿಗೆ ತಿರುಗಿಸಿದ್ದು ಆಮೇಲೆ. ಮೊದಲೇ ತಿರುಗಿಸಿದ್ದರೆ ಆ ಕಂಸಗಳು ಕಳೆದುಹೋಗುತ್ತಿದ್ದವು. ಹಿಂದಿ ವಾಕ್ಯ ಎಲ್ಲೂ ತಡವರಿಸದೆ ಓದಿಸಿಕೊಳ್ಳುತ್ತದೆ, ಅದರಲ್ಲಿ ಎಷ್ಟು ಭಾಗ ನನ್ನ ಊಹೆ ಎಂದು ಆ ಹುಡುಗನಿಗೆ ತಿಳಿಯುವ ದಾರಿಯೇ ಇರುವುದಿಲ್ಲ. "ನಿಲ್ಲಿಸಬಾರದು, ದಂಡ ಹಾಕುತ್ತಾರೆ ಅಂತ ಇದೆ, ಇದು ಬಹಳ ಮಟ್ಟಿಗೆ ಖಚಿತ. ಕೆಳಗೆ ಸಮಯ ಬರೆದ ಹಾಗಿದೆ, ಆದರೆ ಅಂಕಿ ಓದಲು ಆಗಲಿಲ್ಲ. ನಾಳೆ ಹತ್ತಿರ ನಿಂತು ಎರಡು ಮೂರು ಫೋಟೊ ತೆಗೆದು ಕಳಿಸು" ಎಂದು ಬರೆದೆ.

ಮರುದಿನ ಅವನು ಕಾರನ್ನು ಎರಡು ರಸ್ತೆ ಆಚೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗದಲ್ಲಿ ಬಿಟ್ಟು, ತಾಯಿಯ ಜೊತೆ ನಡೆದು ಹೋಗುವಾಗ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆದಿದ್ದ. ಮೇಲಿನ ಮೂರು ಸಾಲು ಚೀಟಿಯಲ್ಲಿ ಬರೆದಂತೆಯೇ ಇದ್ದವು. ನಾಲ್ಕನೆಯದರಲ್ಲಿ "8 ರಿಂದ 11" ಎಂದಿತ್ತು, ಕೊಂಬೆ ಸರಿದ ಕಡೆ ಪುಟ್ಟ ಅಕ್ಷರದಲ್ಲಿ "ಬೆಳಿಗ್ಗೆ" ಎಂದೂ ಇತ್ತು. ಫೋಟೊ ಬಂದಾಗ ಗಂಟೆ ಒಂಬತ್ತಕ್ಕೆ ಐದು ನಿಮಿಷ.