ನಿಯಮ ಹಾಕಿದ್ದರೂ ಎಕರೆ–ಗುಂಟೆ ಲೆಕ್ಕ ತಪ್ಪುವುದೇಕೆ?

ಮುಧೋಳದ ಓದುಗರೊಬ್ಬರ ಪ್ರಶ್ನೆ: “ನಮ್ಮ ತಂಡದವರು ಹಳ್ಳಿಗಳಿಗೆ ಹೋಗಿ ಕಬ್ಬು ಬೆಳೆಗಾರರ ಜಮೀನಿನ ವಿವರವನ್ನು ಒಂದೇ ಗೂಗಲ್ ಶೀಟಿನಲ್ಲಿ ತುಂಬುತ್ತಾರೆ. ಜಮೀನಿನ ಕಾಲಮ್ಮಿಗೆ ಸೊನ್ನೆಗಿಂತ ದೊಡ್ಡ ಸಂಖ್ಯೆ ಮಾತ್ರ ಇರಬೇಕೆಂದು ನಿಯಮ ಹಾಕಿದ್ದೇವೆ. ಆದರೂ ಒಟ್ಟು ಮೊತ್ತ ಕೆಲವು ಹಳ್ಳಿಗಳಲ್ಲಿ ಕಡಿಮೆ ಬರುತ್ತದೆ, ಕೆಲವು ಹಳ್ಳಿಗಳಲ್ಲಿ ಸಾವಿರಾರು ಎಕರೆ ಹೆಚ್ಚಾಗುತ್ತದೆ. ಏಕೆ?”

ಎರಡಕ್ಕೂ ಕಾರಣ ಒಂದೇ. ಎಕರೆ ಮತ್ತು ಗುಂಟೆಯನ್ನು ನೀವು ಒಂದೇ ಕೋಶದಲ್ಲಿ ಬರೆಸುತ್ತಿದ್ದೀರಿ.

ಮೊದಲು ಕಡಿಮೆ ಬರುವ ಲೆಕ್ಕ ನೋಡೋಣ. ಉತಾರದಲ್ಲಿ 1 ಎಕರೆ 20 ಗುಂಟೆ ಎಂದಿದ್ದರೆ ತುಂಬುವವರು 1.20 ಎಂದು ಬರೆಯುತ್ತಾರೆ. ಎಕರೆಗೆ 40 ಗುಂಟೆ ಎಂಬುದು ಶೀಟಿಗೆ ಗೊತ್ತಿಲ್ಲ; ಅದು ಇದನ್ನು ದಶಮಾಂಶವೆಂದೇ ಓದುತ್ತದೆ. ಮೂವರು ರೈತರ ಜಮೀನು 1.20, 2.35, 0.30 ಎಂದು ದಾಖಲಾಗಿದೆ ಎನ್ನಿ. ಶೀಟು ಕೂಡಿಸಿ 3.85 ಎನ್ನುತ್ತದೆ. ನಿಜವಾದ ಮೊತ್ತ 5 ಎಕರೆ 5 ಗುಂಟೆ. ಇನ್ನೂ ಕೆಟ್ಟ ಸಂಗತಿಯೆಂದರೆ 1.20 ಎಂದು ಬರೆದದ್ದು ಒಳಗೆ 1.2 ಆಗಿಯೇ ಉಳಿಯುತ್ತದೆ. ಅದು 2 ಗುಂಟೆಯೋ 20 ಗುಂಟೆಯೋ ಎಂಬುದನ್ನು ಆಮೇಲೆ ಯಾವ ನಿಯಮವೂ ಹೇಳಲಾರದು. ಮತ್ತೆ ಉತಾರವನ್ನೇ ತೆಗೆದು ನೋಡಬೇಕು.

ಇನ್ನು ಸಾವಿರಾರು ಎಕರೆ ಹೆಚ್ಚುವ ಕಥೆ. ಕೆಲವರು ಉತಾರದಲ್ಲಿ ಕಂಡಂತೆ 2-10 ಎಂದು ಅಡ್ಡಗೆರೆ ಹಾಕಿ ಬರೆಯುತ್ತಾರೆ. ಶೀಟು ಅದನ್ನು ದಿನಾಂಕವೆಂದು ತಿಳಿದು ಅಕ್ಟೋಬರ್ 2 ಮಾಡಿಬಿಡುತ್ತದೆ. ದಿನಾಂಕವೆಂದರೆ ಶೀಟಿನ ಒಳಗೆ 45,000 ದಾಟಿದ ಒಂದು ಸಂಖ್ಯೆ. ಅದು ಸಂಖ್ಯೆಯೂ ಹೌದು, ಸೊನ್ನೆಗಿಂತ ದೊಡ್ಡದೂ ಹೌದು. ನಿಮ್ಮ ನಿಯಮ ಅದನ್ನು ತಡೆಯಲು ಕಾರಣವೇ ಇಲ್ಲ. ಕೆಳಮಿತಿಯ ಜೊತೆಗೆ ಮೇಲ್ಮಿತಿಯೂ ಇರಲೇಬೇಕು ಎನ್ನುವುದು ಇದಕ್ಕೇ.

ಆದ್ದರಿಂದ ಎಕರೆಗೆ C, ಗುಂಟೆಗೆ D ಎಂದು ಎರಡು ಕಾಲಮ್ಮು ಮಾಡಿ. D2:D500 ಆಯ್ಕೆ ಮಾಡಿಕೊಂಡು Data ಮೆನುವಿನ Data validation ತೆರೆದು, Custom formula is ಎಂಬಲ್ಲಿ ಇದನ್ನು ಬರೆಯಿರಿ:

```
=AND(ISNUMBER(D2), D2>=0, D2<40, D2=INT(D2))
```

ಆಯ್ಕೆ ಎರಡನೇ ಸಾಲಿನಿಂದ ಶುರುವಾದರೆ ಸೂತ್ರದಲ್ಲೂ D2 ಎಂದೇ ಇರಬೇಕು. ಇಲ್ಲಿ D1 ಎಂದು ಬರೆದರೆ ಪ್ರತಿ ಸಾಲೂ ತನ್ನ ಮೇಲಿನ ಸಾಲನ್ನು ಪರೀಕ್ಷಿಸುತ್ತ ಕೂರುತ್ತದೆ. ಕೆಳಗೆ Reject the input ಆರಿಸಿ. ಎಕರೆಗೂ ಇಂಥದೇ ಸೂತ್ರ ಹಾಕಿ, 40ರ ಬದಲು ನಿಮ್ಮ ಭಾಗದ ಅತಿ ದೊಡ್ಡ ಹಿಡುವಳಿಗಿಂತ ತುಸು ಹೆಚ್ಚಿನ ಸಂಖ್ಯೆ ಇಡಿ. ಮೊತ್ತ ಬೇಕಾದಾಗ `=C2+D2/40`.

ಎಲ್ಲ ನಿಯಮವನ್ನೂ ಹೀಗೆ ಬಿಗಿ ಮಾಡಬೇಡಿ. ಕಬ್ಬಿನ ಕ್ಷೇತ್ರವನ್ನು F, G ಕಾಲಮ್ಮುಗಳಲ್ಲಿ ಬರೆಸುತ್ತೀರಿ, ಅದು ಸ್ವಂತ ಜಮೀನಿಗಿಂತ ಹೆಚ್ಚಾಗಬಾರದು ಎಂದು ಈ ಸೂತ್ರ ಹಾಕುತ್ತೀರಿ ಎನ್ನಿ:

```
=$F2*40+$G2<=$C2*40+$D2
```

ಕೇಳಲು ಸರಿಯಾಗಿಯೇ ಇದೆ. ಆದರೆ ಲಾವಣಿಗೆ ಹೊಲ ಮಾಡುವವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದಿರಬಹುದು, ಬೆಳೆ ಮೂರು ಎಕರೆ ನಿಂತಿರಬಹುದು. ಅಲ್ಲಿ ಶೀಟು ತಿರಸ್ಕರಿಸುತ್ತ ಹೋದರೆ, ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತವರು ಹೇಗಾದರೂ ಮುಂದೆ ಹೋಗಲು ಸ್ವಂತ ಜಮೀನು ಮೂರು ಎಕರೆ ಎಂದು ಬರೆದುಬಿಡುತ್ತಾರೆ. ಆ ಸುಳ್ಳು ಎಲ್ಲ ನಿಯಮಗಳಿಗೂ ಹೊಂದುವುದರಿಂದ ಅದನ್ನು ಹುಡುಕುವುದೇ ಕಷ್ಟ. 47 ಗುಂಟೆ ಅಸಾಧ್ಯ, ಅದನ್ನು ತಿರಸ್ಕರಿಸಿ. ಸ್ವಂತ ಜಮೀನಿಗಿಂತ ಹೆಚ್ಚು ಬೆಳೆ ಅಪರೂಪವಷ್ಟೇ, ಅಲ್ಲಿ Show a warning ಸಾಕು. ಲಾವಣಿ ಜಮೀನಿಗೆ ಬೇರೆ ಕಾಲಮ್ಮು ಕೊಟ್ಟರೆ ಇನ್ನೂ ಒಳ್ಳೆಯದು. ಊರಿನ ಹೆಸರನ್ನಂತೂ ಬರೆಸಲೇಬೇಡಿ, ಪಟ್ಟಿಯಿಂದ ಆರಿಸಲಿ.

ಇಷ್ಟಾದರೂ ಕೆಲವು ತೂತು ಉಳಿಯುತ್ತವೆ. ಬೇರೆ ಕೋಶವನ್ನು ನಕಲು ಮಾಡಿ ತಂದು ಅಂಟಿಸಿದರೆ ಆ ಕೋಶದ ನಿಯಮವೂ ಜೊತೆಗೆ ಬಂದು ನಿಮ್ಮದನ್ನು ಅಳಿಸುತ್ತದೆ. ಮೂಲದಲ್ಲಿ ನಿಯಮವಿಲ್ಲದಿದ್ದರೆ ಇಲ್ಲಿಯೂ ಇಲ್ಲವಾಗುತ್ತದೆ. ಕಂಪ್ಯೂಟರಿನಲ್ಲಿ Ctrl+Shift+V ಒತ್ತಿ ಬೆಲೆಯನ್ನಷ್ಟೇ ಅಂಟಿಸುವ ಅಭ್ಯಾಸ ಮಾಡಿಸಿ. ನಿಯಮ ಹಾಕುವ ಮೊದಲೇ ತುಂಬಿದ್ದ ತಪ್ಪುಗಳು ಅಳಿಯುವುದಿಲ್ಲ, ಮೂಲೆಯಲ್ಲಿ ಕೆಂಪು ಗುರುತು ಬರುತ್ತದೆ ಅಷ್ಟೆ. ಖಾಲಿ ಬಿಟ್ಟ ಕೋಶವನ್ನು ನಿಯಮ ಕೇಳುವುದೇ ಇಲ್ಲ.

ಹೀಗಾಗಿ ನೀವೊಬ್ಬರೇ ತಿದ್ದಬಹುದಾದ, Protect ಮಾಡಿದ ಇನ್ನೊಂದು ಹಾಳೆಯಲ್ಲಿ ಒಂದು ಎಣಿಕೆ ಇಟ್ಟುಕೊಳ್ಳಿ. ತುಂಬುವ ಹಾಳೆಯ ಹೆಸರು Survey ಎಂದಿದ್ದರೆ:

```
=COUNTA(Survey!D2:D500)-COUNTIFS(Survey!D2:D500,">=0",Survey!D2:D500,"<40")
```

ಗುಂಟೆಯ ಕಾಲಮ್ಮಿನಲ್ಲಿ ತುಂಬಿದ್ದರೂ 0ರಿಂದ 40ರೊಳಗಿನ ಸಂಖ್ಯೆಯಾಗಿರದ ಕೋಶಗಳೆಷ್ಟು ಎಂಬುದನ್ನು ಇದು ತೋರಿಸುತ್ತದೆ. ದಿನಾಂಕವಾದ ನಮೂದು, “20 ಗುಂ” ಎಂದು ಅಕ್ಷರ ಸೇರಿಸಿ ಬರೆದದ್ದು, ಎಲ್ಲವೂ ಇಲ್ಲಿ ಸಿಕ್ಕಿಬೀಳುತ್ತವೆ. ಸಂಜೆ ನೋಡಿದಾಗ ಸೊನ್ನೆ ಇಲ್ಲದಿದ್ದರೆ, ತುಂಬಿದವರು ಊರು ಬಿಟ್ಟು ಹೊರಡುವ ಮೊದಲೇ ಅವರಿಗೆ ಫೋನ್ ಮಾಡಿ.