356ನೇ ವಿಧಿಯಲ್ಲಿ ‘ಬಹುಮತ ಸಾಬೀತು’ ಎಂಬ ಮಾತು ಎಲ್ಲಿದೆ?

ಪ್ರಶ್ನೆ: ರಾಜ್ಯಶಾಸ್ತ್ರದ ಪಠ್ಯದಲ್ಲಿ ಒಂದು ವಿಧಿಯ ಬಗ್ಗೆ ಓದುವಾಗ ಸಂವಿಧಾನ ಹೇಳಿದ್ದು ಯಾವುದು, ಕೋರ್ಟ್ ಹೇಳಿದ್ದು ಯಾವುದು, ಬರೀ ಚರ್ಚೆ ಯಾವುದು ಅಂತ ಹೇಗೆ ಗುರುತಿಸುವುದು?

ಉತ್ತರ: ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356ನೇ ವಿಧಿಯನ್ನೇ ತೆಗೆದುಕೊಳ್ಳೋಣ. ಅದರ ಬಗ್ಗೆ ಪಠ್ಯಗಳಲ್ಲಿ ಸಾಮಾನ್ಯವಾಗಿ ಸಿಗುವಂಥ ನಾಲ್ಕು ವಾಕ್ಯ ನೋಡಿ.

“ರಾಜ್ಯದ ಆಡಳಿತ ಸಂವಿಧಾನದಂತೆ ನಡೆಯಲಾರದು ಎಂದು ಮನವರಿಕೆಯಾದರೆ ರಾಷ್ಟ್ರಪತಿ ಘೋಷಣೆ ಹೊರಡಿಸಬಹುದು. ಸರ್ಕಾರಕ್ಕೆ ಬಹುಮತ ಇದೆಯೇ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಈ ವಿಧಿ ರಾಜಕೀಯ ಅಸ್ತ್ರವಾಗಿದೆ.”

ನಾಲ್ಕೂ ಒಂದೇ ದನಿಯಲ್ಲಿವೆ, ಅಲ್ವಾ? ತೊಡಕು ಇರುವುದೇ ಅಲ್ಲಿ. ಪಕ್ಕದಲ್ಲಿ ಸಂವಿಧಾನದ ಪ್ರತಿ ತೆರೆದಿಟ್ಟುಕೊಂಡು ಒಂದೊಂದನ್ನೇ ಹುಡುಕಿ. ಮೊದಲನೆಯದು ಅಲ್ಲಿ ಸಿಗುತ್ತದೆ. ರಾಜ್ಯಪಾಲರ ವರದಿಯಿಂದ “ಅಥವಾ ಬೇರೆ ರೀತಿಯಲ್ಲಿ” ಮನವರಿಕೆಯಾದರೆ ಎಂದೂ ಇದೆ. ಅಂದರೆ ವರದಿ ಕಡ್ಡಾಯವಲ್ಲ. ಎಷ್ಟೋ ಸಲ ಪಠ್ಯದ ಸಾರಾಂಶ ಈ ಪದಗಳನ್ನು ಬಿಟ್ಟುಬಿಡುತ್ತದೆ.

ಎರಡನೆಯ ವಾಕ್ಯ ವಿಧಿಯಲ್ಲಿ ಎಲ್ಲೂ ಇಲ್ಲ. ಅದು ನಮ್ಮ ರಾಜ್ಯದ್ದೇ ಕಥೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದ ಅವರಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬಹುಮತವನ್ನು ಅಳೆಯುವ ಜಾಗ ಸದನ ಎಂಬ ಮಾತು ಗಟ್ಟಿಯಾಗಿದ್ದು ಅಲ್ಲಿ. ಹಾಗಾಗಿ ಇದು ವ್ಯಾಖ್ಯಾನ. ಸುಮ್ನೆ ಅಭಿಪ್ರಾಯ ಅಂತ ತಳ್ಳಿಹಾಕಬೇಡಿ, ಸುಪ್ರೀಂ ಕೋರ್ಟ್ ಹೇಳಿದ್ದು ಕಾನೂನೇ. ಆದರೆ ಉತ್ತರ ಬರೆಯುವಾಗ “356ನೇ ವಿಧಿ ಹೇಳುತ್ತದೆ” ಎಂದರೆ ತಪ್ಪು, “ಬೊಮ್ಮಾಯಿ ತೀರ್ಪು ಹೇಳುತ್ತದೆ” ಎನ್ನಬೇಕು.

ಜಾಸ್ತಿ ಜನ ಎಡವುವುದು ಮೂರನೆಯದರಲ್ಲಿ. ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು ಎಂಬುದು ವಿಧಿಯಲ್ಲೇ ಇದೆ. ಆ ಒಪ್ಪಿಗೆ ಬರುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ ಎಂದಿದ್ದು ಮಾತ್ರ ಬೊಮ್ಮಾಯಿ ತೀರ್ಪು. ವಿಧಿಯ ಮಾತನ್ನೇ ಹಿಡಿದು ಕೋರ್ಟ್ ಒಂದು ಹೆಜ್ಜೆ ಮುಂದಿಟ್ಟಿದೆ. ಪಠ್ಯದಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬಂದಾಗ ಗೆರೆ ಕಾಣುವುದಿಲ್ಲ.

ನಾಲ್ಕನೆಯದು ಚರ್ಚೆ. ಅದಕ್ಕೆ ಎದುರು ವಾದವೂ ಇರಬಹುದು.

ಬರೀ ಇಸವಿ ನೋಡಿ ವಿಂಗಡಿಸಲು ಹೋಗಬೇಡಿ. ಘೋಷಣೆಯನ್ನು ಒಂದು ವರ್ಷದಾಚೆಗೆ ಮುಂದುವರಿಸಲು ಈಗಿರುವ ಷರತ್ತುಗಳು 1978ರ 44ನೇ ತಿದ್ದುಪಡಿಯಿಂದ ಬಂದವು. ತಡವಾಗಿ ಬಂದರೂ ಅವು ಈಗ ವಿಧಿಯ ಮಾತೇ. ಈ ಅಧಿಕಾರ ಬಳಕೆಯಾಗದೆ ಉಳಿಯಲಿ ಎಂದು ಅಂಬೇಡ್ಕರ್ 1949ರಲ್ಲೇ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಅದು ಸಂವಿಧಾನ ಜಾರಿಗೆ ಬರುವ ಮೊದಲಿನ ಮಾತು, ಆದರೂ ವಿಧಿಯ ಭಾಗವಲ್ಲ.