ಒಂದೇ ಕನೆಕ್ಷನ್‌ನಲ್ಲಿ 40 ಚಿತ್ರ ಬಂದರೆ ಬೆರಕೆ ಆಗಲ್ವಾ?

ಓದುಗರ ಪ್ರಶ್ನೆ: ಒಂದು ಸುದ್ದಿ ತಾಣ ತೆರೆದು ಕ್ರೋಮ್‌ನ Network ಪ್ಯಾನೆಲ್ ನೋಡುತ್ತಿದ್ದೆ. ಚಿತ್ರಗಳೆಲ್ಲ ಬೇರೊಂದು ಹೋಸ್ಟ್‌ನಿಂದ ಬರುತ್ತಿವೆ. ಒಟ್ಟು 40 ಚಿತ್ರ, ಎಲ್ಲಕ್ಕೂ Connection ID ಒಂದೇ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ಬೇಕು ಅಂತ ಕಾಲೇಜಿನಲ್ಲಿ ಓದಿದ್ದೆ. ಒಂದೇ ಕೊಳವೆಯಲ್ಲಿ 40 ಚಿತ್ರ ಬಂದರೆ ಒಂದಕ್ಕೊಂದು ಬೆರೆತು ಹೋಗಲ್ವಾ? ಇನ್ನೊಂದು ವಿಚಿತ್ರ: ಅದೇ ಹೋಸ್ಟ್‌ನಿಂದ ಬಂದ ಎರಡು ಫಾಂಟ್‌ಗಳಿಗೆ ಮಾತ್ರ ಬೇರೆ ನಂಬರ್ ಇದೆ. ಯಾಕೆ?

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಹಳೆಯದು ಅಷ್ಟೇ. ಬೆರಕೆ ಆಗಲ್ವಾ ಅನ್ನುವ ನಿಮ್ಮ ಅನುಮಾನ ಮಾತ್ರ ಸರಿಯಾದ ಜಾಗಕ್ಕೇ ಹೋಗಿದೆ. ಈ ಬೈಟ್ ಯಾವ ಉತ್ತರಕ್ಕೆ ಸೇರಿದ್ದು, ಆ ಉತ್ತರ ಎಲ್ಲಿ ಮುಗಿಯಿತು? ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮ ಎಚ್‌ಟಿಟಿಪಿ, ಅದು ಪ್ರತಿ ಸಲ ಬದಲಾದಾಗಲೂ ಈ ಪ್ರಶ್ನೆಗೆ ಹೊಸ ಉತ್ತರ ಹುಡುಕಬೇಕಾಯಿತು.

ಎಚ್‌ಟಿಟಿಪಿಯ ಕೆಳಗೆ ನಿಂತು ಬೈಟ್ ಸಾಗಿಸುವ ಟಿಸಿಪಿಗೆ ಫೈಲ್, ಚಿತ್ರ ಅನ್ನುವುದೆಲ್ಲ ಗೊತ್ತಿಲ್ಲ. ಈ ಕಡೆಯಿಂದ ಹಾಕಿದ ಬೈಟ್‌ಗಳನ್ನು ಅದೇ ಕ್ರಮದಲ್ಲಿ ಆ ಕಡೆ ಇಳಿಸುವುದಷ್ಟೇ ಅದರ ಕೆಲಸ. 1991ರ ಮೊದಲ ಎಚ್‌ಟಿಟಿಪಿಯಲ್ಲಿ ಉತ್ತರ ಮುಗಿಯಿತು ಅಂತ ಹೇಳಲು ಬಲು ಸುಲಭದ ದಾರಿ ಇತ್ತು. ಪುಟ ಕಳಿಸಿ ಆದ ಮೇಲೆ ಸರ್ವರ್ ಕನೆಕ್ಷನ್ ಮುಚ್ಚಿಬಿಡುತ್ತಿತ್ತು. ಮುಚ್ಚಿತು ಅಂದರೆ ಮುಗಿಯಿತು. 1996ರಲ್ಲಿ ಬರಹಕ್ಕಿಳಿದ ಎಚ್‌ಟಿಟಿಪಿ 1.0ರಲ್ಲೂ ಮಾಮೂಲಿ ರೀತಿ ಇದೇ. ಬೆರಕೆಯ ಮಾತೇ ಇಲ್ಲ, ಯಾಕಂದ್ರೆ ಒಂದು ಕೊಳವೆಯಲ್ಲಿ ಒಂದೇ ಉತ್ತರ.

ಇದಕ್ಕೆ ತೆರುತ್ತಿದ್ದ ಬೆಲೆ ಎಷ್ಟು ಅಂತ ನಿಮ್ಮ 40 ಚಿತ್ರಗಳಲ್ಲೇ ಲೆಕ್ಕ ಹಾಕೋಣ. ಅವು ಒಂದೊಂದೂ 200 ಬೈಟ್‌ನ ಪುಟ್ಟ ಐಕಾನ್ ಅಂದುಕೊಳ್ಳಿ. ಸರ್ವರ್ ದೂರದಲ್ಲಿದೆ, ಒಂದು ಸಲ ಹೋಗಿ ಬರಲು 200 ಮಿಲಿಸೆಕೆಂಡ್ ಬೇಕು. ಗೂಢಲಿಪಿಗೆ ಬೇಕಾಗುವ ಹೆಚ್ಚಿನ ಸುತ್ತುಗಳನ್ನು ಸದ್ಯಕ್ಕೆ ಬದಿಗಿಡೋಣ. ಟಿಸಿಪಿ ಕನೆಕ್ಷನ್ ತೆರೆಯಲು ಒಂದು ಸುತ್ತು, ಕೇಳಿ ಪಡೆಯಲು ಇನ್ನೊಂದು ಸುತ್ತು. ಒಂದು ಐಕಾನ್‌ಗೆ 400 ಮಿಲಿಸೆಕೆಂಡ್ ಆಯಿತು. ಒಂದಾದ ಮೇಲೆ ಒಂದರಂತೆ 40 ತರಲು 16 ಸೆಕೆಂಡ್. ಬಂದ ಮಾಲು ಒಟ್ಟು 8 ಕೆಬಿ! ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ತಂದು, ಮತ್ತೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಸಾಸಿವೆ ತಂದ ಹಾಗೆ. ಆಗಿನ ಬ್ರೌಸರ್‌ಗಳು ಒಟ್ಟಿಗೆ ಹಲವು ಕನೆಕ್ಷನ್ ತೆರೆದು ಇದನ್ನು ಸ್ವಲ್ಪ ಮರೆಮಾಚುತ್ತಿದ್ದವು ಅನ್ನುವುದು ಬೇರೆ ಮಾತು.

ಹಾಗಾದರೆ ಕನೆಕ್ಷನ್ ಮುಚ್ಚದೆ ಇಟ್ಟುಕೊಂಡರೆ? 1997ರ ಎಚ್‌ಟಿಟಿಪಿ 1.1 ಇದನ್ನೇ ಮಾಮೂಲಿ ಮಾಡಿತು. ಬೇಡ ಅನ್ನುವವರು ಮಾತ್ರ `Connection: close` ಅಂತ ಹೇಳಬೇಕು. ಈಗ ಒಂದೇ ಕನೆಕ್ಷನ್‌ನಲ್ಲಿ ನಮ್ಮ 40 ಐಕಾನ್‌ಗೆ ತೆರೆಯುವ ಸುತ್ತು ಒಂದು, ತರುವ ಸುತ್ತು 40. ಒಟ್ಟು 8.2 ಸೆಕೆಂಡ್. ಅರ್ಧ ಉಳಿಯಿತು.

ಆದರೆ ಮುಗಿಯಿತು ಅನ್ನುವ ಗುರುತೇ ಈಗ ಹೋಯಿತಲ್ಲ. ಕನೆಕ್ಷನ್ ಮುಚ್ಚುವುದಿಲ್ಲ ಅಂದ ಮೇಲೆ ಉತ್ತರದ ಉದ್ದವನ್ನು ಮೊದಲೇ ಹೇಳಬೇಕು. ಅದಕ್ಕೇ `Content-Length` ಇರುವುದು. ಉದ್ದ ಮೊದಲೇ ಗೊತ್ತಿಲ್ಲದಿದ್ದರೆ ತುಂಡು ತುಂಡಾಗಿ, ಪ್ರತಿ ತುಂಡಿನ ಮುಂದೆ ಅದರ ಅಳತೆ ಬರೆದು ಕಳಿಸುವ ದಾರಿಯೂ ಇದೆ. ಅಳತೆ ಸೊನ್ನೆ ಇರುವ ತುಂಡು ಬಂದರೆ ಮುಗಿಯಿತು ಅಂತ ಅರ್ಥ.

```
HTTP/1.1 200 OK
Transfer-Encoding: chunked

5
Hello
0

```

ಈ ಅಳತೆ ತಪ್ಪಿದರೆ ಏನಾಗುತ್ತದೆ ಅಂತ ನಾನು ಕನ್ನಡದಿಂದಲೇ ಕಲಿತೆ. ಹಿಂದೊಮ್ಮೆ ಸುಮ್ನೆ ಆಟಕ್ಕೆ ಪೈಥಾನ್‌ನಲ್ಲಿ ಒಂದು ಪುಟ್ಟ ಸರ್ವರ್ ಬರೆದಿದ್ದೆ. ಇಂಗ್ಲಿಷ್ ಪುಟ ಚೆನ್ನಾಗಿ ಬರುತ್ತಿತ್ತು. ಕನ್ನಡ ಪುಟ ಅರ್ಧಕ್ಕೇ ನಿಂತು, ಕೊನೆಯಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿ ಕಾಣುತ್ತಿತ್ತು. ಒಂದು ಸಂಜೆಯೆಲ್ಲ ಫಾಂಟ್ ಮೇಲೆ ಅನುಮಾನಪಟ್ಟೆ. ತಪ್ಪು ಇದ್ದದ್ದು ಇಲ್ಲಿ:

```
>>> len("ಕನ್ನಡ")
5
>>> len("ಕನ್ನಡ".encode("utf-8"))
15
```

ನಾನು `Content-Length`ಗೆ ಮೊದಲನೆಯ ಸಂಖ್ಯೆ ಹಾಕಿದ್ದೆ. ಅಲ್ಲಿ ಬೇಕಾದದ್ದು ಬೈಟ್‌ಗಳ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ, ಒತ್ತಕ್ಷರ ಮಾಡುವ ಹಲಂತ ಚಿಹ್ನೆಯನ್ನೂ ಸೇರಿಸಿ, 3 ಬೈಟ್ ಬೇಕು. ಬ್ರೌಸರ್ ನಾನು ಹೇಳಿದಂತೆ 5 ಬೈಟ್ ಮಾತ್ರ ಓದಿತು. 3 ಬೈಟ್‌ಗೆ ಒಂದು "ಕ" ಸಿಕ್ಕಿತು, ಮಿಕ್ಕ 2 ಬೈಟ್ "ನ"ದ ಮುರುಕು. ಅದೇ ಆ ಡಬ್ಬಿ. ಉಳಿದ 10 ಬೈಟ್ ಕನೆಕ್ಷನ್‌ನಲ್ಲೇ ಬಿದ್ದಿರುತ್ತವೆ. ಎಚ್ಚರದ ಕ್ಲೈಂಟ್ ಆದರೆ ಇಂಥ ಕನೆಕ್ಷನ್ ಬಿಸಾಡಿ ಹೊಸದು ತೆರೆಯುತ್ತದೆ. ಪೆದ್ದು ಕ್ಲೈಂಟ್ ಆದರೆ ಆ 10 ಬೈಟ್‌ಗಳನ್ನು ಮುಂದಿನ ಉತ್ತರದ ತಲೆ ಅಂದುಕೊಂಡು ಕಂಗಾಲಾಗುತ್ತದೆ. ಉಲ್ಟಾ ಆಗಿ, ನಿಜಕ್ಕಿಂತ ದೊಡ್ಡ ಸಂಖ್ಯೆ ಹಾಕಿದರೆ, ಬರದ ಬೈಟ್‌ಗಳಿಗೆ ಕಾಯುತ್ತಾ ಪುಟ ಸುತ್ತುತ್ತಲೇ ಇರುತ್ತದೆ.

ಈ ಗೊಂದಲವನ್ನೇ ಬೇಕೆಂದು ಮಾಡುವವರೂ ಇದ್ದಾರೆ. ಒಂದೇ ರಿಕ್ವೆಸ್ಟ್‌ನಲ್ಲಿ `Content-Length`, `Transfer-Encoding` ಎರಡನ್ನೂ ಹಾಕಿ ಕಳಿಸುತ್ತಾರೆ. ಸರ್ವರ್‌ನ ಮುಂದೆ ನಿಂತು ರಿಕ್ವೆಸ್ಟ್ ದಾಟಿಸುವ ಪ್ರಾಕ್ಸಿ ಒಂದನ್ನು ನಂಬಿ, ಹಿಂದಿನ ಸರ್ವರ್ ಇನ್ನೊಂದನ್ನು ನಂಬಿದರೆ, ರಿಕ್ವೆಸ್ಟ್ ಎಲ್ಲಿ ಮುಗಿಯಿತು ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ. ಆ ಸಂದಿಯಲ್ಲಿ ಇನ್ನೊಂದು ರಿಕ್ವೆಸ್ಟ್ ನುಸುಳಿಸುವುದಕ್ಕೆ ರಿಕ್ವೆಸ್ಟ್ ಸ್ಮಗ್ಲಿಂಗ್ ಅಂತಲೇ ಹೆಸರು.

ಎಲ್ಲೆ ಗೊತ್ತಾಯಿತು. ಇನ್ನು ಉತ್ತರಕ್ಕೆ ಕಾಯದೆ 40 ರಿಕ್ವೆಸ್ಟ್‌ಗಳನ್ನೂ ಒಟ್ಟಿಗೆ ಕಳಿಸಬಹುದಲ್ಲ? ಎಚ್‌ಟಿಟಿಪಿ 1.1ರಲ್ಲಿ ಅದೂ ಇತ್ತು, ಪೈಪ್‌ಲೈನಿಂಗ್ ಅಂತ. ನಿಯಮ ಒಂದೇ: ಕೇಳಿದ ಕ್ರಮದಲ್ಲೇ ಉತ್ತರ ಕೊಡಬೇಕು. ಉತ್ತರದ ಮೇಲೆ ಇದು ಯಾರದ್ದು ಅಂತ ಹೆಸರು ಬರೆದಿರಲಿಲ್ಲವಲ್ಲ, ಕ್ರಮವೊಂದೇ ಗುರುತು. ಹಿಟ್ಟಿನ ಗಿರಣಿಯಲ್ಲಿ ಮುಂದಿನವರ ಹತ್ತು ಸೇರು ರಾಗಿ ಮುಗಿಯುವ ತನಕ ನಿಮ್ಮ ಕಾಲು ಸೇರು ಗೋಧಿ ಕಾಯಲೇಬೇಕು. ಹಾಗೆಯೇ ಮೊದಲ ರಿಕ್ವೆಸ್ಟ್‌ಗೆ ಸರ್ವರ್ 3 ಸೆಕೆಂಡ್ ತೆಗೆದುಕೊಂಡರೆ, ಆಗಲೇ ಸಿದ್ಧವಿರುವ 39 ಐಕಾನ್‌ಗಳೂ ಹಿಂದೆ ನಿಂತವು. ಸಾಲದ್ದಕ್ಕೆ ನಡುವಿನ ಎಷ್ಟೋ ಪ್ರಾಕ್ಸಿಗಳು ಇದನ್ನು ಸರಿಯಾಗಿ ನಿಭಾಯಿಸುತ್ತಿರಲಿಲ್ಲ. ಬ್ರೌಸರ್‌ಗಳು ಕೊನೆಗೆ ಇದರ ಸಹವಾಸವೇ ಬೇಡ ಅಂತ ಬಿಟ್ಟವು.

ಅದರ ಬದಲು ಹೋಸ್ಟ್ ಒಂದಕ್ಕೆ ಆರು ಕನೆಕ್ಷನ್ ತೆರೆಯುವ ರೂಢಿ ಬಂತು. 40 ಐಕಾನ್ ಆರು ಸಾಲಿಗೆ ಹಂಚಿದರೆ ಉದ್ದದ ಸಾಲಿನಲ್ಲಿ 7. ತೆರೆಯಲು 200, ತರಲು 1,400, ಒಟ್ಟು 1.6 ಸೆಕೆಂಡ್. ಅದೂ ಸಾಲದೆ ಚಿತ್ರಗಳನ್ನು ನಾಲ್ಕಾರು ಬೇರೆ ಹೆಸರಿನ ಹೋಸ್ಟ್‌ಗಳಿಗೆ ಹಂಚುವುದು, ಎಲ್ಲ ಐಕಾನ್ ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡುವುದು, ಇಂಥ ಕಸರತ್ತುಗಳೆಲ್ಲ ನಡೆದವು. ಕೆಲವು ಹಳೆಯ ತಾಣಗಳಲ್ಲಿ ಇವತ್ತಿಗೂ ಇವು ಉಳಿದಿವೆ, ಯಾರಿಗೂ ಯಾಕೆ ಅಂತ ನೆನಪಿಲ್ಲ.

ಉತ್ತರದ ಮೇಲೆ ಹೆಸರು ಬರೆಯುವ ಕೆಲಸ ಕೊನೆಗೂ ಆದದ್ದು ಎಚ್‌ಟಿಟಿಪಿ/2ರಲ್ಲಿ. 2009ರಲ್ಲಿ ಗೂಗಲ್ ಸ್ಪೀಡಿ ಅಂತ ಒಂದು ಪ್ರಯೋಗ ಶುರುಮಾಡಿತ್ತು. ಅದರ ಬುನಾದಿಯ ಮೇಲೆ 2015ರ ಮೇ ತಿಂಗಳಲ್ಲಿ ಈ ಆವೃತ್ತಿ ಬಂತು. ಇದರಲ್ಲಿ ಎಲ್ಲವೂ ಫ್ರೇಮ್ ಅನ್ನುವ ತುಂಡುಗಳಾಗಿ ಹೋಗುತ್ತದೆ. ಪ್ರತಿ ಫ್ರೇಮ್‌ನ ತಲೆಗೆ 9 ಬೈಟ್‌ನ ಚೀಟಿ. ಅದರಲ್ಲಿ ಉದ್ದ, ಬಗೆ, ಕೆಲವು ಗುರುತು ಮತ್ತು ಸ್ಟ್ರೀಮ್ ನಂಬರ್ ಇರುತ್ತದೆ. ಒಂದು ರಿಕ್ವೆಸ್ಟ್ ಮತ್ತು ಅದರ ಉತ್ತರ ಸೇರಿ ಒಂದು ಸ್ಟ್ರೀಮ್. ಬ್ರೌಸರ್ ಶುರುಮಾಡುವ ಸ್ಟ್ರೀಮ್‌ಗಳಿಗೆ 1, 3, 5 ಹೀಗೆ ಬೆಸ ಸಂಖ್ಯೆಗಳು. ನಿಮ್ಮ ಕೊಳವೆಯಲ್ಲಿ ಬರುತ್ತಿರುವುದು ಹೆಚ್ಚುಕಡಿಮೆ ಹೀಗಿರುತ್ತದೆ:

```
DATA  stream=5  length=16384
DATA  stream=9  length=200    END_STREAM
DATA  stream=5  length=4100   END_STREAM
```

5ನೇ ಸ್ಟ್ರೀಮ್‌ನ ದೊಡ್ಡ ಚಿತ್ರದ ನಡುವೆ 9ನೇ ಸ್ಟ್ರೀಮ್‌ನ ಐಕಾನ್ ತೂರಿಕೊಂಡು ಬಂದು ಮುಗಿದೇ ಹೋಯಿತು. ಅಂದರೆ ಬೆರಕೆ ಆಗುತ್ತದೆ, ಬೇಕೆಂದೇ ಮಾಡುತ್ತಾರೆ. ನಂಬರ್ ನೋಡಿ ಬ್ರೌಸರ್ ಬೇರ್ಪಡಿಸಿಕೊಳ್ಳುತ್ತದೆ. ಬೇಡವಾದ ಒಂದು ಚಿತ್ರವನ್ನು ನಡುವೆಯೇ ನಿಲ್ಲಿಸಬಹುದು, ಕನೆಕ್ಷನ್ ಹಾಗೇ ಉಳಿಯುತ್ತದೆ. 1.1ರಲ್ಲಿ ನಿಲ್ಲಿಸಬೇಕೆಂದರೆ ಕೊಳವೆಯನ್ನೇ ಒಡೆಯಬೇಕಿತ್ತು. ನನ್ನ ಆ ಕನ್ನಡದ ಎಡವಟ್ಟು ಇಲ್ಲಿ ಆಗಿದ್ದರೂ ಆ ಒಂದು ಸ್ಟ್ರೀಮ್ ಮಾತ್ರ ಕೆಡುತ್ತಿತ್ತು.

ಲೆಕ್ಕ ಮುಗಿಸೋಣ: ತೆರೆಯಲು ಒಂದು ಸುತ್ತು, 40 ಐಕಾನ್ ಒಟ್ಟಿಗೆ ಕೇಳಿ ತರಲು ಒಂದು ಸುತ್ತು. 400 ಮಿಲಿಸೆಕೆಂಡ್. ಆದರೆ ಇದು 8 ಕೆಬಿಗೆ ಮಾತ್ರ. ಹೊಸ ಟಿಸಿಪಿ ಕನೆಕ್ಷನ್ ಶುರುವಿನಲ್ಲಿ ಸಾಮಾನ್ಯವಾಗಿ ಒಂದೇ ಸುತ್ತಿಗೆ ಸುಮಾರು 14 ಕೆಬಿ ಕಳಿಸಿ, ಆಮೇಲೆ ಸುತ್ತಿನಿಂದ ಸುತ್ತಿಗೆ ಏರಿಸುತ್ತಾ ಹೋಗುತ್ತದೆ. ನಿಮ್ಮ ಸುದ್ದಿ ತಾಣದ ಚಿತ್ರಗಳು 100 ಕೆಬಿ ಆಸುಪಾಸು ಇದ್ದರೆ ಸುತ್ತುಗಳ ಉಳಿತಾಯಕ್ಕಿಂತ ನಿಮ್ಮ ಲೈನ್‌ನ ವೇಗವೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಒಂದೇ ಕನೆಕ್ಷನ್‌ಗೆ ಒಂದು ಕೆಟ್ಟ ಮುಖವೂ ಇದೆ. ಮೊದಲೇ ಹೇಳಿದ ಹಾಗೆ ಟಿಸಿಪಿಗೆ ಸ್ಟ್ರೀಮ್ ಗೊತ್ತಿಲ್ಲ. 5ನೇ ಸ್ಟ್ರೀಮ್‌ನ ಒಂದು ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೆ, ಅದು ಮತ್ತೆ ಬರುವವರೆಗೆ ಅದರ ನಂತರ ಬಂದ ಬೈಟ್‌ಗಳನ್ನೆಲ್ಲ ಟಿಸಿಪಿ ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಪೂರ್ತಿ ಬಂದಿರುವ 9ನೇ ಐಕಾನ್ ಇದ್ದರೂ ಬ್ರೌಸರ್‌ಗೆ ಕೊಡುವುದಿಲ್ಲ. ಸಿಗ್ನಲ್ ಸರಿಯಿಲ್ಲದ ಮೊಬೈಲ್‌ನಲ್ಲಿ ಹಳೆಯ ಆರು ಕನೆಕ್ಷನ್‌ಗಳೇ ವಾಸಿ ಅನ್ನಿಸುವುದು ಇದಕ್ಕೇ. ಅಲ್ಲಿ ಒಂದು ನಿಂತರೂ ಐದು ಓಡುತ್ತಿದ್ದವು. 2022ರಲ್ಲಿ ಬಂದ ಎಚ್‌ಟಿಟಿಪಿ/3 ಟಿಸಿಪಿಯನ್ನೇ ಬಿಟ್ಟು, ಕ್ರಮದ ಗೊಡವೆಯಿಲ್ಲದೆ ಪ್ಯಾಕೆಟ್ ಸಾಗಿಸುವ ಯುಡಿಪಿ ಮೇಲೆ ಕಟ್ಟಿದ ಕ್ವಿಕ್ ಅನ್ನುವುದನ್ನು ಬಳಸುತ್ತದೆ. ಕ್ವಿಕ್‌ಗೆ ಸ್ಟ್ರೀಮ್ ಗೊತ್ತು. 5ರ ಪ್ಯಾಕೆಟ್ ಕಳೆದರೆ ಕಾಯುವುದು 5 ಮಾತ್ರ. ಕೆಲವು ಕಚೇರಿಗಳ ಫೈರ್‌ವಾಲ್ ಯುಡಿಪಿಯನ್ನು ಬಿಡುವುದಿಲ್ಲ, ಅಲ್ಲಿ ಬ್ರೌಸರ್ ಸದ್ದಿಲ್ಲದೆ ಎಚ್‌ಟಿಟಿಪಿ/2ಕ್ಕೆ ಇಳಿಯುತ್ತದೆ. ಅದೇ Network ಪ್ಯಾನೆಲ್‌ನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ Protocol ಆನ್ ಮಾಡಿ. `http/1.1`, `h2`, `h3` ಇವುಗಳಲ್ಲಿ ಯಾವುದು ಅಂತ ಕಾಣುತ್ತದೆ.

ಉಳಿದದ್ದು ನಿಮ್ಮ ಆ ಎರಡು ಫಾಂಟ್. ಚಿತ್ರ ಕೇಳುವಾಗ ಬ್ರೌಸರ್ ಸಾಮಾನ್ಯವಾಗಿ ಕುಕೀ ಜೊತೆಗೆ ಕಳಿಸಬಹುದಾದ ರೀತಿಯಲ್ಲಿ ಕೇಳುತ್ತದೆ. ಬೇರೆ ಹೋಸ್ಟ್‌ನ ಫಾಂಟ್ ಕೇಳುವಾಗ ಕುಕೀ ಇಲ್ಲದೆ, ಗುರುತು ಹೇಳದೆ ಕೇಳಬೇಕು ಅನ್ನುವುದು ನಿಯಮ. ಗುರುತು ಹೇಳಿದ ಕನೆಕ್ಷನ್‌ನಲ್ಲೇ ಗುರುತಿಲ್ಲದ ರಿಕ್ವೆಸ್ಟ್ ಕಳಿಸಿದರೆ ಇಬ್ಬರೂ ಒಬ್ಬರೇ ಅಂತ ಸರ್ವರ್‌ಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಬ್ರೌಸರ್ ಇವೆರಡನ್ನೂ ಬೇರೆ ಬೇರೆ ಕನೆಕ್ಷನ್‌ನಲ್ಲಿ ಇಡುತ್ತದೆ. ಆ ತಾಣ ನಿಮ್ಮದೇ ಆಗಿದ್ದು, ಕನೆಕ್ಷನ್ ಮೊದಲೇ ತೆರೆದಿಡು ಅಂತ ಬ್ರೌಸರ್‌ಗೆ ಹೇಳುವ `preconnect` ಬಳಸುತ್ತಿದ್ದರೆ, ಫಾಂಟ್‌ಗಾಗಿ `crossorigin` ಸೇರಿಸಿದ ಇನ್ನೊಂದು ಸಾಲು ಹಾಕಿ:

```
<link rel="preconnect" href="https://img.example.com">
<link rel="preconnect" href="https://img.example.com" crossorigin>
```

ಎರಡನೆಯ ಸಾಲಿಲ್ಲದಿದ್ದರೆ ಫಾಂಟ್‌ನ ಕನೆಕ್ಷನ್ ಬೇಕಾದಾಗಲೇ ತೆರೆದುಕೊಳ್ಳಬೇಕು, ನಮ್ಮ ಲೆಕ್ಕದ ಆ ಮೊದಲ 200 ಮಿಲಿಸೆಕೆಂಡ್ ಮತ್ತೆ ಹೋಯಿತು.